sin 15° ಸಿಕ್ಕಿತು, sin 22.5° ಹತ್ರ ನಿಂತಿದ್ದೇವೆ. ಸಹಾಯ ಬೇಕು

ನಮಸ್ಕಾರ. ಮಗಳು ಮೊದಲ ಪಿಯುಸಿ. ನಿನ್ನೆ ರಾತ್ರಿ ಇಬ್ಬರೂ ಕೂತು ಅರ್ಧಕೋನ ಸೂತ್ರದಿಂದ sin 15° ಲೆಕ್ಕ ಮಾಡಿದೆವು.

sin² 15° = (1 − cos 30°)/2 = (2 − √3)/4

15° ಲಘುಕೋನ, ಹಾಗಾಗಿ ಧನ ವರ್ಗಮೂಲ ತೆಗೆದುಕೊಂಡೆವು: √(2 − √3)/2. ಪುಸ್ತಕದ ಉತ್ತರ ಮಾತ್ರ (√6 − √2)/4. ತಪ್ಪಾಯ್ತು ಅಂತ ಅವಳು ಎಲ್ಲವನ್ನೂ ಹೊಡೆದುಹಾಕಿದಳು. ಕ್ಯಾಲ್ಕುಲೇಟರ್‌ನಲ್ಲಿ ನೋಡಿದರೆ ಎರಡೂ 0.2588!

ಆಮೇಲೆ ದಾರಿ ಹೊಳೆಯಿತು. 2 − √3 ಅನ್ನು (4 − 2√3)/2 ಅಂತ ಬರೆದೆವು. ಕೂಡಿಸಿದರೆ 4, ಗುಣಿಸಿದರೆ 3 ಬರುವ ಸಂಖ್ಯೆಗಳು 3 ಮತ್ತು 1. ಅಂದರೆ 4 − 2√3 = (√3 − 1)². ಹೊರಗಿನ ವರ್ಗಮೂಲ ಹೋಗಿ (√3 − 1)/(2√2) ಉಳಿಯಿತು. ಮೇಲೆ ಕೆಳಗೆ √2 ರಿಂದ ಗುಣಿಸಿದರೆ ಪುಸ್ತಕದ ಉತ್ತರವೇ.

ಅದೇ ಉಪಾಯ sin 22.5° ಗೆ ನಡೆಯುತ್ತಿಲ್ಲ. √(2 − √2)/2 ವರೆಗೆ ಬಂದೆವು. ಈಗ ಮೊತ್ತ 4, ಗುಣಲಬ್ಧ 2 ಬೇಕು. ಅಂಥ ಪೂರ್ಣಾಂಕಗಳೇ ಇಲ್ಲ, ಅಲ್ವಾ? ಭಿನ್ನರಾಶಿಗಳಲ್ಲೂ ಸಿಗಲಿಲ್ಲ.

ಇದು ಇನ್ನು ಸರಳವಾಗುವುದೇ ಇಲ್ಲವೇ, ಅಥವಾ ನಾವೇ ಏನಾದರೂ ಬಿಟ್ಟಿದ್ದೇವಾ? ಆಗದಿದ್ದರೆ ಯಾಕೆ ಅಂತ ಅವಳಿಗೆ ಅರ್ಥವಾಗುವ ಹಾಗೆ ಹೇಳಿಕೊಡಿ. ಪರೀಕ್ಷೆಯಲ್ಲಿ ಹೀಗೇ ಬಿಟ್ಟರೆ ಪೂರ್ತಿ ಅಂಕ ಕೊಡ್ತಾರಾ? ಮೇಷ್ಟ್ರುಗಳು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.