ಬಿಲ್ ಕೊಲ್ಹಾಪುರಕ್ಕ, ಮಾಲು ಹುಬ್ಬಳ್ಳಿಗೆ: ಯಾವ ಟ್ಯಾಕ್ಸ್ ಹಾಕೂದು?

ಕೇಳಿದವರು, ಉದ್ಯಮಬಾಗ, ಬೆಳಗಾವಿ

ನಮ್ಮದು ಸಣ್ಣ ಮಷಿನ್ ಶಾಪ್. ಕೊಲ್ಹಾಪುರದ ಪಾರ್ಟಿ ಪಂಪಿನ ಬಿಡಿಭಾಗಕ್ಕ ಆರ್ಡರ್ ಕೊಟ್ಟಾರ, 1,80,000 ರೂಪಾಯಿ ಮಾಲು, 18% ಟ್ಯಾಕ್ಸ್. ಬಿಲ್ ಅವರ ಹೆಸರಿಗೆ ಮಾಡ್ರಿ, ಮಾಲು ಮಾತ್ರ ಹುಬ್ಬಳ್ಳಿಯ ನಮ್ಮ ಗಿರಾಕಿಗೆ ಕಳಸ್ರಿ ಅಂತಾರ. ಗಾಡಿ ಕರ್ನಾಟಕ ದಾಟೂದೇ ಇಲ್ಲ. ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಹಾಕಬೇಕೋ, ಐಜಿಎಸ್‌ಟಿನೋ? ಅಪ್ಪಾಜಿ ಒಂದು ಹೇಳ್ತಾರ, ಅಕೌಂಟೆಂಟ್ ಇನ್ನೊಂದು ಹೇಳ್ತಾನ. ಇಂಥಾ ಬಿಲ್ ಮಾಡಿದವರು ಯಾರಾದ್ರೂ ಇದ್ರ ಹೇಳ್ರಿ.

ಹಾರ್ಡ್‌ವೇರ್ ಅಂಗಡಿ, ಬಾಗಲಕೋಟೆ

ಇದರಾಗ ಏನ್ ತಲಿ ಕೆಡಸ್ಕೊಳ್ಳೂದು? ಗಾಡಿ ಎಲ್ಲಿ ಹೋಗಿ ನಿಲ್ಲತೈತಿ ಅದು ನೋಡ್ರಿ. ಬೆಳಗಾವಿಯಿಂದ ಹೊಂಟು ಹುಬ್ಬಳ್ಳ್ಯಾಗ ನಿಂತ್ರ ಒಂದೇ ರಾಜ್ಯ, ಅರ್ಧ ಸಿಜಿಎಸ್‌ಟಿ, ಅರ್ಧ ಎಸ್‌ಜಿಎಸ್‌ಟಿ. ಸೊಲ್ಲಾಪುರಕ್ಕ ಹೋದ್ರ ಐಜಿಎಸ್‌ಟಿ. ಜಿಎಸ್‌ಟಿ ಬಂದಾಗಿಂದ ಹಿಂಗ ಮಾಡೀನಿ, ಒಂದ್ ನೋಟಿಸ್ ಬಂದಿಲ್ಲ.

ತೆರಿಗೆ ಸಲಹೆಗಾರ, ಟಿಳಕವಾಡಿ

ಬಾಗಲಕೋಟೆ ಅಣ್ಣಾವ್ರು ಹೇಳಿದ್ದು ಅವರ ವ್ಯಾಪಾರಕ್ಕೆ ಸರಿ. ಕೊಳ್ಳುವವನೇ ಮಾಲು ಇಳಿಸಿಕೊಳ್ಳುವಾಗ, ಸಾಗಾಟ ಎಲ್ಲಿ ಮುಗಿಯುತ್ತದೋ ಅದೇ ಪೂರೈಕೆಯ ಸ್ಥಳ. ಅದು ಐಜಿಎಸ್‌ಟಿ ಕಾಯ್ದೆಯ 10(1)(ಎ). ನಿಮ್ಮ ಪ್ರಕರಣ ಅದರ ಕೆಳಗಿನ ಸಾಲಿಗೆ, 10(1)(ಬಿ)ಗೆ ಬರುತ್ತದೆ. ಮೂರನೆಯವನ ಸೂಚನೆಯಂತೆ ಮಾಲನ್ನು ಬೇರೊಬ್ಬರಿಗೆ ತಲುಪಿಸಿದರೆ, ಆ ಸೂಚನೆ ಕೊಟ್ಟವನಿಗೇ ಮಾಲು ಮುಟ್ಟಿತು ಅಂತ ಕಾನೂನು ಭಾವಿಸಿಕೊಳ್ಳುತ್ತದೆ. ಅವನ ಮುಖ್ಯ ವ್ಯವಹಾರದ ಜಾಗವೇ ಪೂರೈಕೆಯ ಸ್ಥಳ. ಸೂಚನೆ ಕೊಟ್ಟದ್ದು ಕೊಲ್ಹಾಪುರ, ಅಂದರೆ ಮಹಾರಾಷ್ಟ್ರ, ಕೋಡ್ 27. ನೀವು 29. ಆದ್ದರಿಂದ ಐಜಿಎಸ್‌ಟಿ. ಗಾಡಿ ಧಾರವಾಡದ ಮೇಲೆ ಹೋಗಲಿ ಬಿಡಲಿ, ಲೆಕ್ಕಕ್ಕಿಲ್ಲ.

ಇಲ್ಲಿ ಒಂದೇ ಸಾಗಾಟ, ಆದರೆ ಮಾರಾಟ ಎರಡು. ನೀವು ಕೊಲ್ಹಾಪುರಕ್ಕೆ ಮಾರುತ್ತೀರಿ: 1,80,000ಕ್ಕೆ ಐಜಿಎಸ್‌ಟಿ 32,400, ಒಟ್ಟು 2,12,400. ಅವರು ಹುಬ್ಬಳ್ಳಿಗೆ ಮಾರುತ್ತಾರೆ, 2,00,000ಕ್ಕೆ ಅಂತ ಇಟ್ಟುಕೊಳ್ಳಿ. ಅವರು ಮಹಾರಾಷ್ಟ್ರದಲ್ಲಿದ್ದಾರೆ, ಮಾಲು ನಿಲ್ಲುವುದು ಕರ್ನಾಟಕದಲ್ಲಿ, ಅಲ್ಲೂ ಐಜಿಎಸ್‌ಟಿ, 36,000. ನಿಮ್ಮ 32,400 ಕ್ರೆಡಿಟ್ ತೆಗೆದುಕೊಂಡು ಅವರು ಕಟ್ಟುವುದು ಬರೀ 3,600. ನೀವು ಗಾಡಿ ನೋಡಿ 16,200 ಮತ್ತು 16,200 ಅಂತ ಒಡೆದು ಹಾಕಿದರೆ ಕರ್ನಾಟಕದ ಆ ಟ್ಯಾಕ್ಸ್ ಅವರಿಗೆ ಕ್ರೆಡಿಟ್ ಆಗಿ ಸಿಗುವುದಿಲ್ಲ. ಪೂರ್ತಿ 36,000 ಕೈಯಿಂದ ಕಟ್ಟಬೇಕು. ಆಮೇಲೆ ನಿಮ್ಮ ಪೇಮೆಂಟಿನಲ್ಲಿ 32,400 ಹಿಡಿದಿಟ್ಟುಕೊಳ್ಳುತ್ತಾರೆ, ಅದನ್ನು ನಾನು ಬರೆದು ಕೊಡುತ್ತೇನೆ.

ಎರಡು ಎಚ್ಚರಿಕೆ. ಹುಬ್ಬಳ್ಳಿಗೆ ಕಳಿಸಿರಿ ಅನ್ನುವ ಸೂಚನೆ ಗಾಡಿ ಹೊರಡುವ ಮೊದಲೇ ಅಥವಾ ದಾರಿಯಲ್ಲಿರುವಾಗ ಬಂದಿರಬೇಕು. ಆರ್ಡರ್ ಕಾಗದದಲ್ಲೇ ಆ ಸಾಲು ಬರೆಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದು ಸಾಲದು. ಇನ್ನೊಂದು, ನಿಮ್ಮ ಫಿಟ್ಟರ್ ಹುಬ್ಬಳ್ಳಿಗೆ ಹೋಗಿ ಅಲ್ಲೇ ಪಂಪ್ ಜೋಡಿಸಿ ಕೂಡಿಸಿ ಕೊಡುವ ಒಪ್ಪಂದ ಇದ್ದರೆ ನಾನು ಹೇಳಿದ್ದು ಬದಲಾಗುತ್ತದೆ. ಸ್ಥಳದಲ್ಲೇ ಜೋಡಿಸುವ ಮಾಲಿಗೆ ಆ ಸ್ಥಳವೇ ಲೆಕ್ಕ. ಬರೀ ಬಿಡಿಭಾಗ ಡಬ್ಬಿಯಲ್ಲಿ ಹೋಗುತ್ತಿದ್ದರೆ ಆ ಚಿಂತೆ ಇಲ್ಲ.

ಲಾಡ್ಜ್ ನಡೆಸೋರು, ವಿಜಯಪುರ

ಅಂದ್ರ ನಂದೂ ಸರಿ ಐತಿ ಅಂದಂಗಾತು. ಸೊಲ್ಲಾಪುರದ ಕಂಪನಿಯವರು ಬಂದು ಇಳೀತಾರ, ಅವರ ನಂಬರ್ 27ರಿಂದ ಚಾಲೂ ಆಗತೈತಿ. ನಾ ನಂಬರ್ ನೋಡಿ ರೂಮಿನ ಬಿಲ್ಲಿಗೆ ಐಜಿಎಸ್‌ಟಿ ಹಾಕ್ತೀನಿ. ಅವರೂ ಖುಷಿ.

ತೆರಿಗೆ ಸಲಹೆಗಾರ, ಟಿಳಕವಾಡಿ

ಅಯ್ಯೋ, ಅದು ಸರಿ ಅಲ್ರೀ. ರೂಮು ಸ್ಥಿರಾಸ್ತಿಗೆ ಅಂಟಿಕೊಂಡ ಸೇವೆ. ಲಾಡ್ಜ್ ಎಲ್ಲಿದೆಯೋ ಅದೇ ಪೂರೈಕೆಯ ಸ್ಥಳ, ಅತಿಥಿಯ ನಂಬರ್ ಯಾವ ರಾಜ್ಯದ್ದಾದರೂ ಆಗಲಿ. ನಿಮ್ಮ ಲಾಡ್ಜ್ ವಿಜಯಪುರ ಬಿಟ್ಟು ಎಲ್ಲೂ ಹೋಗುವುದಿಲ್ಲವಲ್ಲ. ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಹಾಕಬೇಕು. ಸೊಲ್ಲಾಪುರದವರಿಗೆ ಆ ಕ್ರೆಡಿಟ್ ಸಿಗದು, ಅವರು ಖುಷಿಯಾಗಿರದೇ ಇರಬಹುದು. ಹಳೆಯ ಬಿಲ್ಲುಗಳನ್ನು ನಿಮ್ಮ ಅಕೌಂಟೆಂಟ್‌ಗೆ ಈ ವಾರವೇ ತೋರಿಸಿ.

ಲಾಡ್ಜ್ ನಡೆಸೋರು, ವಿಜಯಪುರ

ಎಷ್ಟು ಬಿಲ್ ಅದಾವೋ ದೇವರಿಗೇ ಗೊತ್ತು.

ಜಾಬ್‌ವರ್ಕ್ ಮಾಡೋರು, ಮಚ್ಛೆ

ನನ್ನ ಕಥಿ ಕೇಳ್ರಿ, ಸಿಜಿಎಸ್‌ಟಿ ಹಾಕಿ ಸಿಕ್ಕೊಂಡವ ನಾನು. ಸಾಂಗ್ಲಿ ಕಡೆಯ ಪಾರ್ಟಿ ಕಾಸ್ಟಿಂಗ್ ಕಳಸ್ತಿದ್ರು, ನಾವು ಬೋರಿಂಗ್, ಡ್ರಿಲ್ಲಿಂಗ್ ಮಾಡಿ ನಮ್ಮ ಗೇಟಿನಾಗ ಅವರ ಗಾಡಿಗೆ ಹಾಕ್ತಿದ್ವಿ. ಕೆಲಸ ಇಲ್ಲೇ, ಡೆಲಿವರಿ ಇಲ್ಲೇ ಅಂತ ಮೂರು ಬಿಲ್ಲಿಗೆ ಸಿಜಿಎಸ್‌ಟಿ 21,600, ಎಸ್‌ಜಿಎಸ್‌ಟಿ 21,600 ಹಾಕಿದ್ದೆ. ಜಾಬ್‌ವರ್ಕ್ ಸೇವಾ ಅಂತ, ನೋಂದಣಿ ಇದ್ದ ಗಿರಾಕಿಗೆ ಸೇವಾ ಕೊಟ್ರ ಗಿರಾಕಿಯ ರಾಜ್ಯನ ನೋಡಬೇಕಂತ ಆಗ ಗೊತ್ತಿರಲಿಲ್ಲ.

ಜನವರಿಯಾಗ ಅವರ ಅಕೌಂಟ್ಸ್‌ನವರು ಫೋನ್ ಮಾಡಿ ಸ್ಕ್ರೀನ್ ಫೋಟೋ ಕಳಿಸಿದ್ರು. ಅವರ 2ಬಿಯಾಗ ನನ್ನ ಮೂರೂ ಬಿಲ್ಲು `ITC Not Available` ಕಡೆ ಕುಂತಿದ್ದುವು. ಕಾರಣ ಅಂತ ಹಿಂಗ ಬರದಿತ್ತು:

```
POS and supplier state are same but recipient state is different
```

ಬಿಲ್ ತಪ್ಪಾಗೇತಿ ಅನ್ನೂದಕ್ಕ ಇದಕ್ಕಿಂತ ಚಲೋ ಗುರುತು ಇಲ್ಲ. ಆದ್ರ ಇದು ಕಾಣೂದು ಅವರ ಸ್ಕ್ರೀನಿನಾಗ, ನಮ್ಮದರಾಗ ಅಲ್ಲ. ಅದಕ್ಕ ಗಿರಾಕಿ ಹೇಳೋತನಕ ನಮಗ ಗೊತ್ತಾಗೂದಿಲ್ಲ. 43,200 ಹಿಡದು ಉಳಿದ ರೊಕ್ಕ ಹಾಕಿದ್ರು.

ವರ್ಷ ಇನ್ನೂ ಮುಗದಿರಲಿಲ್ಲ, ಅದೊಂದು ಪುಣ್ಯ. ಹಳೇ ಮೂರಕ್ಕೂ ಕ್ರೆಡಿಟ್ ನೋಟ್ ಹಾಕಿ, ಐಜಿಎಸ್‌ಟಿ ಹಾಕಿ ಹೊಸಾ ಬಿಲ್ ಮಾಡಿ, ಮುಂದಿನ 3ಬಿಯಾಗ ಹೊಂದಿಸಿದ್ವಿ. ಅವರ ರೊಕ್ಕ ಬರಾಕ ಏಪ್ರಿಲ್ ಆತು.

ಮಿಲ್ ಬಿಡಿಭಾಗದ ವ್ಯಾಪಾರಿ, ಜಮಖಂಡಿ

ನಂದು ಇದರ ಉಲ್ಟಾ. ಬಿಲ್ ಮುಧೋಳದ ವ್ಯಾಪಾರಿಗೆ, ಮಾಲು ಅವರು ಹೇಳಿದ ಸಾಂಗ್ಲಿ ಕಡೆಯ ಕಾರ್ಖಾನೆಗೆ. ಸೂಚನೆ ಕೊಟ್ಟವರು ಕರ್ನಾಟಕದವರು, ಅದಕ್ಕ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ. ಗಾಡಿ ಮಹಾರಾಷ್ಟ್ರದಾಗ ತಡದ್ರು. ಮಾಲು ಇಲ್ಲಿ ಬಂದೈತಿ, ಕರ್ನಾಟಕದ ಎಸ್‌ಜಿಎಸ್‌ಟಿ ಯಾಕ ಅಂತ ಡ್ರೈವರ್‌ಗೆ ಕೇಳ್ಯಾರ. ಪಾಪ, ಆತಗ ಏನ್ ಗೊತ್ತು? ಇ-ವೇ ಬಿಲ್ಲಿನಾಗ ನಮ್ಮ ಹುಡುಗ `Regular` ಅಂತ ಇಟ್ಟಿದ್ದ, `Bill To - Ship To` ಆರಿಸಿರಲಿಲ್ಲ. ರಾತ್ರಿಯೆಲ್ಲ ಗಾಡಿ ನಿಂತು, ಮರುದಿನ ಆರ್ಡರ್ ಕಾಗದ ವಾಟ್ಸಾಪ್‌ನಾಗ ಕಳಿಸಿದ ಮ್ಯಾಲೆ ಬಿಟ್ರು. ಅವತ್ತಿಂದ ಆ ಡ್ರಾಪ್‌ಡೌನ್ ನಾನೇ ನೋಡ್ತೀನಿ.

ತೆರಿಗೆ ಸಲಹೆಗಾರ, ಟಿಳಕವಾಡಿ

ಮಚ್ಛೆಯವರ ದಾರಿ ಸಕಾಲದಲ್ಲಿ ಗೊತ್ತಾದವರಿಗೆ. ಬಿಲ್ಲಿನ ಆರ್ಥಿಕ ವರ್ಷ ಮುಗಿದು ಬರುವ ನವೆಂಬರ್ 30 ದಾಟಿದರೆ ಆ ಬಾಗಿಲು ಮುಚ್ಚುತ್ತದೆ. ಆಮೇಲೆ ಸರಿಯಾದ ಐಜಿಎಸ್‌ಟಿಯನ್ನು ಮೊದಲು ಕೈಯಿಂದ ಕಟ್ಟಿ, ತಪ್ಪಾಗಿ ಕಟ್ಟಿದ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿಯನ್ನು ಆರ್‌ಎಫ್‌ಡಿ-01ರಲ್ಲಿ ವಾಪಸ್ ಕೇಳಬೇಕು. ಐಜಿಎಸ್‌ಟಿ ಕಟ್ಟಿದ ದಿನದಿಂದ 2 ವರ್ಷ ಅವಧಿ. ಈ ತಪ್ಪಿಗೆ ಬಡ್ಡಿ ಇಲ್ಲ, ಸೆಕ್ಷನ್ 77 ಮತ್ತು ಐಜಿಎಸ್‌ಟಿಯ 19 ಅದನ್ನು ಸ್ಪಷ್ಟವಾಗಿ ಹೇಳುತ್ತವೆ. ಆದರೆ ಕ್ರೆಡಿಟ್ ನೋಟಿನಿಂದ ಒಮ್ಮೆ ಹೊಂದಿಸಿಕೊಂಡವರು ಮತ್ತೆ ರಿಫಂಡ್ ಕೇಳುವಂತಿಲ್ಲ.

ಬಟ್ಟೆ ವ್ಯಾಪಾರಿ, ಇಳಕಲ್

ನಮ್ಮಲ್ಲಿ ಪುಣೆಯ ವ್ಯಾಪಾರಿ ತಾವೇ ಕಾರ್ ತಗೊಂಡು ಬಂದು ಸೀರಿ ಕಟ್ಟಿಸ್ಕೊಂಡು ಹೋಗ್ತಾರ. ಜಿಎಸ್‌ಟಿ ನಂಬರ್ ಐತಿ. ಡೆಲಿವರಿ ನಮ್ಮ ಗಾದಿ ಮ್ಯಾಲೇನ ಆತಲ್ಲ, ಕರ್ನಾಟಕ ಅಂತ ಹಿಡಿಯೂದೇನು?

ತೆರಿಗೆ ಸಲಹೆಗಾರ, ಟಿಳಕವಾಡಿ

ಇದಕ್ಕೆ ನಮ್ಮ ವೃತ್ತಿಯವರಲ್ಲೇ ಎರಡು ಪಂಗಡ ಇದೆ. ನಂಬರ್ ಇಲ್ಲದ ಗಿರಾಕಿಯ ವಿಷಯ 2023ರ ಅಕ್ಟೋಬರ್ 1ರಿಂದ ಇತ್ಯರ್ಥವಾಗಿದೆ: ಬಿಲ್ಲಿನಲ್ಲಿ ಬರೆದ ಅವನ ವಿಳಾಸದ ರಾಜ್ಯ, ರಾಜ್ಯದ ಹೆಸರಷ್ಟೇ ಬರೆದರೂ ಸಾಕು. ಏನೂ ಬರೆಯದಿದ್ದರೆ ನಿಮ್ಮ ಅಂಗಡಿ ಇರುವ ಜಾಗ. ನಂಬರ್ ಇದ್ದವನು ಬಂದು ಒಯ್ದರೆ, ಸಾಗಾಟ ಯಾರು ಮಾಡಿದರೂ ಅದು ಮುಗಿಯುವ ಜಾಗ ಅಂತ ಕಾಯ್ದೆ ಹೇಳುತ್ತದೆ, ಆದ್ದರಿಂದ ಪುಣೆ, ಐಜಿಎಸ್‌ಟಿ ಅನ್ನುವುದು ನನ್ನ ಪಕ್ಷ.

ಇನ್ನೊಬ್ಬ ತೆರಿಗೆ ಸಲಹೆಗಾರ, ವಿಜಯಪುರ

ನಾನು ಒಪ್ಪೂದಿಲ್ಲ. ಡೆಲಿವರಿಗಾಗಿ ಮಾಡಿದ ಸಾಗಾಟ ಎಲ್ಲಿ ಮುಗೀತು ಅನ್ನೂದು ಪ್ರಶ್ನೆ. ಗಾದಿ ಮ್ಯಾಲೆ ಕೈಗೆ ಕೊಟ್ಟಾಗ ಡೆಲಿವರಿ ಮುಗೀತು, ಮುಂದ ಅವರು ಪುಣೆಗೆ ಒಯ್ದದ್ದು ಅವರ ಸ್ವಂತ ಮಾಲು. ನನ್ನ ಕ್ಲೈಂಟ್‌ಗಳಿಗೆ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಹಾಕಸ್ತೀನಿ. ಗಿರಾಕಿ ಜಗಳಾಡ್ತಾನ, ಅದು ಖರೆ.

ಬಟ್ಟೆ ವ್ಯಾಪಾರಿ, ಇಳಕಲ್

ನೀವಿಬ್ಬರೂ ಕೂಡಿ ಒಂದು ತೀರ್ಮಾನ ಹೇಳ್ರಿ, ಅಲ್ಲಿಮಟ ಪಾರ್ಸಲ್‌ನಾಗ ಕಳಸ್ತೀನಿ.

ಕೇಳಿದವರು, ಉದ್ಯಮಬಾಗ

ಐಜಿಎಸ್‌ಟಿ ಹಾಕೂದಂತ ಆತು, ಅಪ್ಪಾಜಿನೂ ಒಪ್ಪಿದ್ರು. ಆರ್ಡರ್‌ನಾಗ ಹುಬ್ಬಳ್ಳಿ ವಿಳಾಸ ಬರಸ್ಕೊಂಡೀನಿ. ಈಗ ಕೊಲ್ಹಾಪುರದವರದು ಹೊಸಾ ತಕರಾರು. ನಮ್ಮ ಬಿಲ್ ಗಾಡಿಯಾಗ ಹೋದ್ರ 1,80,000 ಅನ್ನೂ ರೇಟು ಹುಬ್ಬಳ್ಳಿಯವರಿಗೆ ಗೊತ್ತಾಗತೈತಿ ಅಂತ.

ಮಿಲ್ ಬಿಡಿಭಾಗದ ವ್ಯಾಪಾರಿ, ಜಮಖಂಡಿ

ಖಾಕಿ ಲಕೋಟಿಯಾಗ ಹಾಕಿ ಅಂಟು ಹಚ್ಚಿ ಡ್ರೈವರ್ ಕೈಯಾಗ ಕೊಡ್ರಿ. ನಮ್ಮ ಕಡೆ ಹಂಗ ಮಾಡ್ತಾರ.

ತೆರಿಗೆ ಸಲಹೆಗಾರ, ಟಿಳಕವಾಡಿ

ಲಕೋಟೆಗಿಂತ ನೇರ ದಾರಿ ಇದೆ. ಇಂಥ ಎರಡು ಮಾರಾಟಕ್ಕೆ ಇ-ವೇ ಬಿಲ್ ಒಂದೇ ಸಾಕು, ನೀವಾದರೂ ಮಾಡಬಹುದು, ಕೊಲ್ಹಾಪುರದವರಾದರೂ ಮಾಡಬಹುದು ಅಂತ ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲೇ ತಿಳಿಸಿತ್ತು. ಅವರೇ ಮಾಡಲಿ: ಬಿಲ್ ಮಾಡಿದವರು ಕೊಲ್ಹಾಪುರ, ಮಾಲು ಹೊರಟದ್ದು ನಿಮ್ಮ ಉದ್ಯಮಬಾಗದ ವಿಳಾಸ, ಇಳಿಯುವುದು ಹುಬ್ಬಳ್ಳಿ, ಬಿಲ್ ನಂಬರ್ ಅವರ 2,00,000ದ್ದು. ಗಾಡಿಯ ಜೊತೆ ಅವರ ಬಿಲ್ಲೇ ಹೋಗುತ್ತದೆ. ನಿಮ್ಮ ಬಿಲ್ ಅವರಿಗೆ ಮೇಲ್‌ನಲ್ಲಿ ಹೋಗಲಿ, ಪೂರೈಕೆಯ ಸ್ಥಳ ಮಹಾರಾಷ್ಟ್ರ ಅಂತಲೂ ಮಾಲು ಇಳಿಯುವ ವಿಳಾಸ ಹುಬ್ಬಳ್ಳಿ ಅಂತಲೂ ಅದರಲ್ಲಿ ಎರಡೂ ಇರಲಿ.

ಕೇಳಿದವರು, ಉದ್ಯಮಬಾಗ

ಅವರಿಗೆ ಗಾಡಿ ನಂಬರ್ ಕಳಿಸೀನಿ. ನಾಳೆ ಮುಂಜಾನೆ 9ಕ್ಕ ಲೋಡಿಂಗ್.