ರಾತ್ರಿ ಹನ್ನೊಂದಕ್ಕೆ ಆಫೀಸ್ ಗ್ರೂಪಿನಲ್ಲಿ ಮೆಸೇಜ್: ಉತ್ತರ ಕೊಡಲೇಬೇಕಾ?

ಪ್ರಶ್ನೆ (ಉಡುಪಿ, ಆಫೀಸ್ ನೋಡಿಕೊಳ್ಳುವವರು): ನಮ್ಮದು ಇನ್ವರ್ಟರ್, ಜನರೇಟರ್ ಸರ್ವೀಸ್ ಮಾಡುವ ಸಣ್ಣ ಸಂಸ್ಥೆ, ಒಟ್ಟು 14 ಜನ. ಎಲ್ಲರೂ ಒಂದೇ ವಾಟ್ಸಾಪ್ ಗ್ರೂಪಿನಲ್ಲಿದ್ದೇವೆ. ಧನಿಗಳು ರಾತ್ರಿ 10, 11 ಗಂಟೆಗೂ ಮೆಸೇಜ್ ಹಾಕುತ್ತಾರೆ. ಹುಡುಗರು ಹೆದರಿ ಉತ್ತರ ಕೊಡುತ್ತಾರೆ. ಒಬ್ಬ ಟೆಕ್ನಿಷಿಯನ್ ಇದೇ ಕಾರಣಕ್ಕೆ ಕೆಲಸ ಬಿಡುತ್ತೇನೆ ಅಂದಿದ್ದಾನೆ. ಆದರೆ ಕ್ಲಿನಿಕ್‌ಗಳು, ಮಲ್ಪೆಯ ಐಸ್ ಪ್ಲಾಂಟ್‌ಗಳು ನಮ್ಮ ಗಿರಾಕಿಗಳು, ರಾತ್ರಿ ನಿಜವಾಗಿಯೂ ಹೋಗಬೇಕಾದ ಕೆಲಸವೂ ಉಂಟು. ರಾತ್ರಿ ಗ್ರೂಪನ್ನು ಅಡ್ಮಿನ್ ಓನ್ಲಿ ಮಾಡಿದರೆ ಸಾಕಾ?

ಉತ್ತರ (ಎಚ್‌ಆರ್ ಸಲಹೆಗಾರರು, ಮಂಗಳೂರು): ಅಡ್ಮಿನ್ ಓನ್ಲಿ ಮಾಡಬೇಡಿ ಮೇಡಂ. ಅದರಿಂದ ಬಾಯಿ ಕಟ್ಟುವುದು ಹುಡುಗರದ್ದು ಮಾತ್ರ, ಧನಿಗಳು ಅಡ್ಮಿನ್ ಆಗಿರುತ್ತಾರಲ್ಲ, ಅವರು ಹಾಕುತ್ತಲೇ ಇರಬಹುದು. ಒತ್ತಡ ಎಲ್ಲಿಂದ ಬರುತ್ತಿದೆಯೋ ಆ ಬಾಗಿಲು ತೆರೆದೇ ಇರುತ್ತದೆ. ಅದೂ ಅಲ್ಲದೆ ದಿನಾ ರಾತ್ರಿ ಯಾರಾದರೂ ಕೈಯಾರೆ ಬದಲಿಸಬೇಕು, ಬೆಳಿಗ್ಗೆ ಮತ್ತೆ ತೆಗೆಯಬೇಕು. ನಾಲ್ಕು ದಿನಕ್ಕೆ ಮರೆತು ಹೋಗುತ್ತದೆ.

ಮೊದಲು ಒಂದು ಕೆಲಸ ಮಾಡಿ. ಕಳೆದ ಒಂದು ವಾರದ ರಾತ್ರಿ ಮೆಸೇಜ್‌ಗಳನ್ನು ಹಿಂದೆ ಹೋಗಿ ಓದಿ. ಪ್ರತಿಯೊಂದರ ಎದುರು ಒಂದೇ ಪ್ರಶ್ನೆ ಕೇಳಿ: ಇದಕ್ಕೆ ಬೆಳಿಗ್ಗೆ 9 ಗಂಟೆಗೆ ಉತ್ತರ ಸಿಕ್ಕಿದ್ದರೆ ಎಂತ ನಷ್ಟ ಆಗುತ್ತಿತ್ತು? ಏನೂ ಇಲ್ಲ ಎಂದಾದರೆ ಬದಿಗಿಡಿ, ನಷ್ಟ ಇದ್ದದ್ದನ್ನು ಮಾತ್ರ ಬರೆದುಕೊಳ್ಳಿ. ಆ ಪಟ್ಟಿ ಇಲ್ಲಿ ಹಾಕಿ, ಮುಂದಿನದ್ದು ಆಮೇಲೆ ನೋಡುವ.

ಒಬ್ಬ ಸದಸ್ಯರು: ಇಷ್ಟೆಲ್ಲ ಯಾಕೆ ಮಾರಾಯ್ರೆ? ರೈಟ್ ಟು ಡಿಸ್ಕನೆಕ್ಟ್ ಅಂತ ಕಾನೂನೇ ಬಂದಿದೆ. ಆಫೀಸ್ ಟೈಮ್ ಮುಗಿದ ಮೇಲೆ ಮೆಸೇಜ್ ಹಾಕಿದರೆ ಧನಿಗಳ ಮೇಲೆ ಕೇಸ್ ಹಾಕಬಹುದು.

ಸಲಹೆಗಾರರು: ಕಾನೂನು ಬಂದದ್ದು ಬೇರೆ ದೇಶಗಳಲ್ಲಿ ಸರ್. ಫ್ರಾನ್ಸ್‌ನಲ್ಲಿ 2017ರಿಂದ ಇದೆ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ. ನಮ್ಮಲ್ಲಿ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು, ಅದು ಕಾನೂನಾಗಲಿಲ್ಲ. ನಿಮ್ಮ ಮಾತಿನಲ್ಲಿ ಅರ್ಧ ಸರಿಯೂ ಇದೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಇದೆ, ಅದಕ್ಕಿಂತ ಜಾಸ್ತಿ ಕೆಲಸ ಮಾಡಿಸಿದರೆ ಓವರ್‌ಟೈಮ್‌ಗೆ ಎರಡು ಪಟ್ಟು ಸಂಬಳ ಕೊಡಬೇಕು. ರಾತ್ರಿ ಎಬ್ಬಿಸಿ ಕೆಲಸಕ್ಕೆ ಕಳಿಸಿದರೆ ಆ ಲೆಕ್ಕ ಬರುತ್ತದೆ. ಆದರೆ ಒಂದು ಮೆಸೇಜಿಗೆ ಹೆಬ್ಬೆರಳು ಒತ್ತಿದ್ದನ್ನು ಓವರ್‌ಟೈಮ್ ಎಂದು ಸಾಬೀತು ಮಾಡಲು ಹೊರಟರೆ ಹುಡುಗನ ಕೆಲಸವೇ ಹೋದೀತು. 14 ಜನರ ಸಂಸ್ಥೆಯಲ್ಲಿ ಇದು ಮಾತಾಡಿ ಮುಗಿಸುವ ವಿಷಯ.

ಇನ್ನೊಬ್ಬರು: ನಮಗೂ ಇದೇ ಕಷ್ಟ. ಮಗನ ಶಾಲೆಯ ಗ್ರೂಪಿನಲ್ಲಿ ರಾತ್ರಿ 10ಕ್ಕೆ ನಾಳೆ ಬಣ್ಣದ ಕಾಗದ ತನ್ನಿ ಅಂತ ಬರುತ್ತದೆ. ಆ ಹೊತ್ತಿಗೆ ಯಾವ ಅಂಗಡಿ ತೆರೆದಿರುತ್ತದೆ ಹೇಳಿ?

ಸಲಹೆಗಾರರು: ಅದು ಬೇರೆ ವಿಷಯ ಅಕ್ಕಾ. ಆದರೂ ಬೇರು ಒಂದೇ ಇರಬಹುದು, ಹಗಲು ಹೇಳಬೇಕಾದದ್ದನ್ನು ರಾತ್ರಿ ಹೇಳುವುದು. ಕ್ಲಾಸ್ ಟೀಚರ್ ಹತ್ತಿರ ಸಂಜೆ 5ರ ಒಳಗೆ ಹಾಕಿ ಅಂತ ಕೇಳಿ ನೋಡಿ.

ಕೇಳಿದವರು: ಸರ್, ಓದಿದೆ. ಒಂದು ವಾರದಲ್ಲಿ ರಾತ್ರಿ 8ರ ನಂತರ 41 ಮೆಸೇಜ್. ಉತ್ತರಗಳು, ಓಕೆ ಸರ್‌ಗಳು ಎಲ್ಲ ಸೇರಿ. ಅದರಲ್ಲಿ ನಿಜವಾಗಿ ಆ ರಾತ್ರಿಯೇ ಹೋಗಬೇಕಾಗಿದ್ದದ್ದು ಎರಡೇ ಕೆಲಸ. ಒಂದು ಕಾಪುವಿನ ಕ್ಲಿನಿಕ್‌ನಲ್ಲಿ ಕರೆಂಟ್ ಹೋದಾಗ ಇನ್ವರ್ಟರ್ ಆನ್ ಆಗಲಿಲ್ಲ, ಫ್ರಿಜ್‌ನಲ್ಲಿ ಲಸಿಕೆ ಇತ್ತು. ಇನ್ನೊಂದು ಮಲ್ಪೆಯಲ್ಲಿ ಜನರೇಟರ್ ಸ್ಟಾರ್ಟ್ ಆಗಲಿಲ್ಲ. ಉಳಿದದ್ದರಲ್ಲಿ ಹೆಚ್ಚಿನವು ನಾಳೆ ಯಾರು ಎಲ್ಲಿಗೆ, ಯಾವ ಗಾಡಿ, ಬ್ಯಾಟರಿ ಸ್ಟಾಕ್ ಎಷ್ಟು ಉಂಟು ಅಂತ. ನನಗೇ ಆಶ್ಚರ್ಯ ಆಯಿತು.

ಸಲಹೆಗಾರರು: ನೋಡಿ, ಈಗ ಗೊತ್ತಾಯಿತಲ್ಲ. ನಿಮ್ಮಲ್ಲಿ ರಾತ್ರಿಯ ತೊಂದರೆ ಅನ್ನುವುದು ಬಹುಪಾಲು ಸಂಜೆಯ ತೊಂದರೆ. ನಾಳೆಯ ಪಟ್ಟಿ ಸಂಜೆ ತಯಾರಾಗದ ಕಾರಣ ಅದು ರಾತ್ರಿ ಊಟದ ಹೊತ್ತಿಗೆ ಜಾರುತ್ತಿದೆ. ಆದ್ದರಿಂದ ಬರೀ ರಾತ್ರಿ ಸುಮ್ಮನಿರಿ ಅಂದರೆ ನಿಯಮ ನಿಲ್ಲುವುದಿಲ್ಲ, ಯಾಕೆಂದರೆ ಬೆಳಿಗ್ಗೆ ಹುಡುಗರಿಗೆ ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಿರುವುದಿಲ್ಲ. ಸಂಜೆ 6ಕ್ಕೆ ಪಟ್ಟಿ ಮುಚ್ಚಿ, 6.30ಕ್ಕೆ ಗ್ರೂಪಿಗೆ ಹಾಕಿ. ಆಮೇಲೆ ಬಂದ ಸಾಮಾನ್ಯ ಕರೆಗಳು ಮರುದಿನ ಮಧ್ಯಾಹ್ನದ ಮೇಲೆ. ಗಿರಾಕಿಗೂ ಹಾಗೆಯೇ ಹೇಳಿ.

ತುರ್ತು ಕೆಲಸಕ್ಕೆ ಬೇರೆ ದಾರಿ ಬೇಕು, ಅದು ಗ್ರೂಪ್ ಆಗಿರಬಾರದು. ಒಂದು ವಾರಕ್ಕೆ ಒಬ್ಬ ಟೆಕ್ನಿಷಿಯನ್ ರಾತ್ರಿ ಡ್ಯೂಟಿ. ಆಫೀಸಿನದ್ದೇ ಒಂದು ಸಿಮ್, ಒಂದು ಸಾದಾ ಫೋನ್, ಸೋಮವಾರ ಬೆಳಿಗ್ಗೆ ಕೈಯಿಂದ ಕೈಗೆ. ತುರ್ತು ಇದ್ದರೆ ಆ ನಂಬರಿಗೆ ಕರೆ ಮಾಡಬೇಕು, ಮೆಸೇಜ್ ಅಲ್ಲ. ಒಬ್ಬರಿಗೆ ಫೋನ್ ಬಂದರೆ ಒಬ್ಬರೇ ಏಳುತ್ತಾರೆ, ಗ್ರೂಪಿಗೆ ಬಂದರೆ 14 ಮನೆಯಲ್ಲಿ ನಿದ್ದೆ ಹಾಳು. ಗ್ರೂಪಿನಲ್ಲಿ ಇನ್ನೊಂದು ಅಪಾಯ, ಬೇರೆ ಯಾರೋ ನೋಡಿಕೊಳ್ಳುತ್ತಾರೆ ಅಂತ ಯಾರೂ ಹೋಗದೆ ಇರುವುದು.

ಯಾವುದು ತುರ್ತು ಅಂತ ಹೆಸರು ಹಿಡಿದು ಬರೆಯಿರಿ. ನಿಮ್ಮ ಲೆಕ್ಕದಲ್ಲಿ ಕ್ಲಿನಿಕ್, ಐಸ್ ಪ್ಲಾಂಟ್, ಮರುದಿನ ಮದುವೆ ಇರುವ ಹಾಲ್, ಮತ್ತೆ ಎಲ್ಲಿಯೇ ಆದರೂ ಬ್ಯಾಟರಿ ಬಿಸಿಯಾಗಿ ವಾಸನೆ ಬರುತ್ತಿದ್ದರೆ. ಸೀಸನ್ ನೋಡಿ ಬದಲಿಸಿ. ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧ ಇರುವಾಗ ಐಸ್ ಪ್ಲಾಂಟ್ ಕರೆ ಕಡಿಮೆ, ಆದರೆ ಅದೇ ಹೊತ್ತಿಗೆ ಮಳೆಗಾಲದ ಪವರ್ ಕಟ್‌ನಿಂದ ಮನೆಗಳ ಕರೆ ಜಾಸ್ತಿ. ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ ಎಂಬುದು ತುರ್ತು ಅಲ್ಲ ಅಂತ ಸ್ಪಷ್ಟವಾಗಿ ಬರೆದಿಡದಿದ್ದರೆ ಡ್ಯೂಟಿ ಹುಡುಗ ಜುಲೈಯಲ್ಲಿ ಮಲಗುವುದೇ ಇಲ್ಲ.

ಗ್ರೂಪಿಗೆ ಹಾಕುವ ಮಾತು ಇಷ್ಟು ಸಾಕು:

"ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಈ ಗ್ರೂಪಿನಲ್ಲಿ ಯಾರೂ ಉತ್ತರ ಕೊಡಬೇಕಾಗಿಲ್ಲ. ಆ ಹೊತ್ತಿನ ಮೆಸೇಜಿಗೆ ಬೆಳಿಗ್ಗೆ 9.30ರ ಒಳಗೆ ಉತ್ತರ ಕೊಟ್ಟರೆ ಸಾಕು. ಹಗಲು ಸೈಟಿನಲ್ಲಿದ್ದರೆ ಮೆಸೇಜ್ ಬಂದು ಎರಡು ಗಂಟೆಯ ಒಳಗೆ. ರಾತ್ರಿಯೇ ಆಗಬೇಕಾದ ಕೆಲಸಕ್ಕೆ ಡ್ಯೂಟಿ ನಂಬರಿಗೆ ಕರೆ ಮಾಡಿ. ರಾತ್ರಿ ಯಾರನ್ನೂ ಟ್ಯಾಗ್ ಮಾಡಬೇಡಿ."

ಟ್ಯಾಗ್ ವಿಷಯ ಯಾಕೆಂದರೆ, ಗ್ರೂಪನ್ನು ಮ್ಯೂಟ್ ಮಾಡಿದ್ದರೂ ಹೆಸರು ಹಿಡಿದು ಟ್ಯಾಗ್ ಮಾಡಿದರೆ ಸಾಮಾನ್ಯವಾಗಿ ನೋಟಿಫಿಕೇಶನ್ ಬರುತ್ತದೆ. ಇದನ್ನು ಪಿನ್ ಮಾಡಿದರೆ ಹೆಚ್ಚೆಂದರೆ 30 ದಿನ ನಿಲ್ಲುತ್ತದೆ, ಆದ್ದರಿಂದ ಗ್ರೂಪಿನ ಡಿಸ್ಕ್ರಿಪ್ಶನ್‌ನಲ್ಲಿ ಹಾಕಿ. ಹೊಸದಾಗಿ ಸೇರಿದವನಿಗೂ ಕಾಣುತ್ತದೆ.

ಮಣಿಪಾಲದ ಒಬ್ಬ ನರ್ಸ್: ಸರ್, ನಮ್ಮಲ್ಲಿ ಮೂರು ಶಿಫ್ಟ್. ನೈಟ್ ಮಾಡಿ ಬಂದು ಬೆಳಿಗ್ಗೆ 9ಕ್ಕೆ ಮಲಗಿದರೆ ಆಗಲೇ ಗ್ರೂಪ್ ಶುರು. ರಾತ್ರಿ 8ರಿಂದ ಬೆಳಿಗ್ಗೆ 8 ಅನ್ನುವ ನಿಯಮ ನಮಗೆ ಉಲ್ಟಾ.

ಸಲಹೆಗಾರರು: ನಿಮ್ಮ ಕಡೆ ಗಂಟೆ ಹಿಡಿದು ನಿಯಮ ಮಾಡಿದರೆ ಆಗುವುದಿಲ್ಲ, ಹೌದು. ಶಿಫ್ಟ್ ಮುಗಿದ ಮೇಲೆ ಮುಂದಿನ ಶಿಫ್ಟ್ ಶುರುವಾಗುವವರೆಗೆ ಉತ್ತರ ಬೇಡ ಎಂದು ಬರೆಯಬೇಕು. ಡ್ಯೂಟಿ ಬದಲಾವಣೆ ಕೇಳುವುದಿದ್ದರೆ ಗ್ರೂಪಿನಲ್ಲಿ ಅಲ್ಲ, ಆ ಒಬ್ಬರಿಗೆ ಕರೆ. ನೀವು ಫೋನಿನಲ್ಲಿ ಡು ನಾಟ್ ಡಿಸ್ಟರ್ಬ್ ಹಾಕಿ ಮನೆಯವರ ಮತ್ತು ವಾರ್ಡಿನ ನಂಬರನ್ನು ಮಾತ್ರ ಬಿಡಿ. ಆಂಡ್ರಾಯ್ಡ್‌ನಲ್ಲಿ ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ರಿಂಗ್ ಆಗುವ ಹಾಗೆ ಇಡಬಹುದು. ಆದರೆ ಕೊನೆಗಳಿಗೆಯಲ್ಲಿ ಯಾರೋ ರಜೆ ಹಾಕಿದಾಗ ಬದಲಿ ಹುಡುಕುವ ಒತ್ತಡ ಇದೆಯಲ್ಲ, ಅದಕ್ಕೆ ಜನ ಕಡಿಮೆ ಇರುವುದೇ ಕಾರಣ. ಗ್ರೂಪಿನ ನಿಯಮದಿಂದ ಅದು ಸರಿ ಹೋಗುವುದಿಲ್ಲ.

ಕೇಳಿದವರು: ಧನಿಗಳ ಹತ್ತಿರ ಮಾತಾಡಿದೆ. ಡ್ಯೂಟಿ ಫೋನ್ ಸರಿ ಅಂದರು. ಆದರೆ "ನನಗೆ ರಾತ್ರಿಯೇ ನೆನಪಾಗುವುದು, ಬೆಳಿಗ್ಗೆ ಮರೆಯುತ್ತೇನೆ. ಉತ್ತರ ಬೇಡ ಅಂತ ಹೇಳಿ ಮೆಸೇಜ್ ಹಾಕಿದರೆ ಆಯಿತಲ್ಲ" ಅಂತಾರೆ.

ಸಲಹೆಗಾರರು: ಉತ್ತರ ಬೇಡ ಅಂತ ಹಾಕಿದರೂ ಧನಿಗಳ ಮೆಸೇಜ್ ನೋಡಿದ ಮೇಲೆ ಹುಡುಗನ ತಲೆಯಲ್ಲಿ ಅದೇ ಓಡುತ್ತದೆ. ನೀಲಿ ಟಿಕ್ ಬಿದ್ದಿದೆ, ಸುಮ್ಮನಿದ್ದರೆ ಎಂತ ಅಂದುಕೊಳ್ಳುತ್ತಾರೋ ಅಂತ. ವಾಟ್ಸಾಪಿನಲ್ಲಿ ತನಗೆ ತಾನೇ ಮೆಸೇಜ್ ಹಾಕಿಕೊಳ್ಳುವ ವ್ಯವಸ್ಥೆ ಇದೆ. ರಾತ್ರಿ ನೆನಪಾದದ್ದೆಲ್ಲ ಅಲ್ಲಿ ಹಾಕಲಿ, ಬೆಳಿಗ್ಗೆ 8.30ಕ್ಕೆ ನೀವು ಅವರಿಗೆ ನೆನಪು ಮಾಡಿ, ಅವರು ಗ್ರೂಪಿಗೆ ಕಳಿಸಲಿ.

ಇನ್ನೊಂದನ್ನು ಅವರಿಗೆ ಮೆತ್ತಗೆ ಹೇಳಿ. ರಾತ್ರಿ 11ಕ್ಕೆ ಉತ್ತರ ಕೊಟ್ಟವನನ್ನು ಮರುದಿನ ಎಲ್ಲರೆದುರು ಹೊಗಳಬಾರದು. ಒಂದು ಸಲ ಹೊಗಳಿದರೆ ಡಿಸ್ಕ್ರಿಪ್ಶನ್‌ನಲ್ಲಿ ಬರೆದದ್ದನ್ನು ಯಾರೂ ನಂಬುವುದಿಲ್ಲ. ಎರಡು ವಾರ ಬಿಟ್ಟು ಮತ್ತೆ ಗ್ರೂಪ್ ನೋಡಿ. ರಾತ್ರಿ ಯಾರೆಲ್ಲ ಹೆಬ್ಬೆರಳು ಒತ್ತುತ್ತಿದ್ದಾರೆ? ಹಳಬರು ನಿಲ್ಲಿಸಿ ಹೊಸ ಹುಡುಗರು ಮಾತ್ರ ಮುಂದುವರಿಸಿದ್ದರೆ ಹೆದರಿಕೆ ಹೋಗಿಲ್ಲ ಅಂತ ಅರ್ಥ. ಅವರನ್ನು ಕರೆದು ಬಾಯಲ್ಲಿ ಹೇಳಬೇಕು, ಅದೂ ಧನಿಗಳೇ.

ಕೇಳಿದವರು: ಡ್ಯೂಟಿ ವಾರಕ್ಕೆ ದುಡ್ಡು ಕೊಡಬೇಕಾ? ಅದಕ್ಕೆ ಅವರು ಒಪ್ಪುತ್ತಿಲ್ಲ.

ಸಲಹೆಗಾರರು: ಹೊರಗೆ ಹೋಗಿ ಕೆಲಸ ಮಾಡಿದ ಗಂಟೆಗೆ ಕೊಡಲೇಬೇಕು, ಅದರಲ್ಲಿ ಮಾತಿಲ್ಲ. ಮನೆಯಲ್ಲಿ ಫೋನ್ ಇಟ್ಟುಕೊಂಡು ಕಾಯುವುದನ್ನು ಕೆಲಸದ ಗಂಟೆ ಅನ್ನಬಹುದಾ ಎಂಬುದಕ್ಕೆ ಒಂದೇ ಉತ್ತರ ಇಲ್ಲ, ಎಷ್ಟು ಕಟ್ಟುನಿಟ್ಟು ಎಂಬುದರ ಮೇಲೆ ಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ವಾರಕ್ಕೆ ಒಂದು ಮೊತ್ತ ಕೊಡಬೇಕು, ಆ ವಾರ ಅವನು ಕಾರ್ಕಳದ ನೆಂಟರ ಮನೆಗೂ ಹೋಗಲಾರ. ಸದ್ಯಕ್ಕೆ ಒಪ್ಪದಿದ್ದರೆ ಕಡೇಪಕ್ಷ ರಾತ್ರಿ ಹೋಗಿ ಬಂದವನು ಮರುದಿನ ಅಷ್ಟು ಗಂಟೆ ತಡವಾಗಿ ಬರಲಿ. ಮೂರು ತಿಂಗಳ ಕರೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಸಮಯ ಸಮೇತ. ಆ ಪುಸ್ತಕ ಎದುರಿಟ್ಟು ಮತ್ತೆ ದುಡ್ಡಿನ ಮಾತು ಎತ್ತಿ.

ಕೇಳಿದವರು: ಸರಿ ಸರ್. ಕೊನೆಯದು, ಹಳೆ ಗಿರಾಕಿಗಳ ಹತ್ತಿರ ಹುಡುಗರ ಸ್ವಂತ ನಂಬರ್ ಉಂಟು, ನೇರ ಅವರಿಗೇ ಫೋನ್ ಮಾಡುತ್ತಾರೆ.

ಸಲಹೆಗಾರರು: ಇದು ನಿಧಾನಕ್ಕೆ ಹೋಗುವಂಥದ್ದು. ಇನ್ನು ಮುಂದೆ ಬಿಲ್ಲಿನ ಮೇಲೆ, ಇನ್ವರ್ಟರ್ ಮೇಲಿನ ಸ್ಟಿಕ್ಕರ್‌ನಲ್ಲಿ ಡ್ಯೂಟಿ ನಂಬರ್ ಒಂದೇ ಇರಲಿ. ಹುಡುಗರಿಗೆ ರಾತ್ರಿ ಕರೆ ಬಂದರೆ ಎತ್ತದೆ ಡ್ಯೂಟಿ ನಂಬರನ್ನು ಮೆಸೇಜ್ ಮಾಡಲಿ, ಅಷ್ಟೇ. ಕೆಲವು ಗಿರಾಕಿಗಳು ಸಿಟ್ಟಾಗುತ್ತಾರೆ, ಆಗ ಆ ಸಿಟ್ಟಿನ ಕರೆ ಹುಡುಗನಿಗಲ್ಲ, ಬೆಳಿಗ್ಗೆ ಆಫೀಸಿನಲ್ಲಿ ನಿಮಗೆ ಅಥವಾ ಧನಿಗಳಿಗೆ ಬರಬೇಕು. ಇದನ್ನು ಧನಿಗಳು ಮೊದಲೇ ಒಪ್ಪಿರಬೇಕು.