ಎಟಿಎಂನಲ್ಲಿ ತೆಗೆದ ಇಪ್ಪತ್ತು ಸಾವಿರ, ತೀರಿಸಿದ ಮೇಲೂ ಬಂದ ಬಡ್ಡಿ

ಪ್ರಶ್ನೆ, ಕಾರಟಗಿಯಿಂದ:
ನಾಟಿ ಕೂಲಿಯವರಿಗೆ ನಗದು ಕೊಡಬೇಕಿತ್ತು. ಆಗಸ್ಟ್ 8ರಂದು ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ 20,000 ರೂಪಾಯಿ ತೆಗೆದೆ. ಯಂತ್ರ ಒಂದು ಸಲಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು ಕೊಡಲಿಲ್ಲ, ಎರಡು ಸಲ ತೆಗೆದೆ. ಅದೇ ಕಾರ್ಡಿನಲ್ಲಿ 5ನೇ ತಾರೀಖು 6,000 ರೂಪಾಯಿಯ ಗೊಬ್ಬರ ತಂದಿದ್ದೆ. 20ಕ್ಕೆ ಬಿಲ್ 27,533 ಎಂದು ಬಂತು. ನಗದಿನ ಸಾಲ ಮೊದಲು ಮುಗಿಯಲಿ ಎಂದು 25ಕ್ಕೆ 20,000 ಕಟ್ಟಿದೆ, ಗೊಬ್ಬರದ್ದೂ ಉಳಿದದ್ದೂ ಸೇರಿಸಿ 7,533ನ್ನು ಕೊನೆಯ ದಿನವಾದ ಸೆಪ್ಟೆಂಬರ್ 9ಕ್ಕೆ ಕಟ್ಟಿದೆ. ಒಂದು ಪೈಸೆ ಬಾಕಿ ಇಲ್ಲ. ಆದರೂ ಸೆಪ್ಟೆಂಬರ್ ಬಿಲ್ಲಿನಲ್ಲಿ 289 ರೂಪಾಯಿ ಕೇಳುತ್ತಿದ್ದಾರೆ. ನಲವತ್ತೈದು ದಿನ ಬಡ್ಡಿ ಇಲ್ಲ ಎಂದು ಕಾರ್ಡ್ ಕೊಡುವಾಗ ಹೇಳಿದ್ದರಲ್ಲ? ಇದು ಮೋಸವೇ? ತಿಳಿದವರು ಹೇಳಿ.

ಸಿಂಧನೂರಿನ ಅಂಗಡಿಯವರು:
ಬಿಲ್ ಆಗುವ ಮೊದಲೇ ವಾಪಸ್ ಕಟ್ಟಿದ್ದರೆ ಏನೂ ಬೀಳುತ್ತಿರಲಿಲ್ಲ ಅಣ್ಣಾ. 20ಕ್ಕೆ ಬಿಲ್, ನೀವು 25ರ ತನಕ ಕಾದಿರಿ. ಅಲ್ಲೇ ಸಿಕ್ಕಿಬಿದ್ದಿರಿ. ನಾನು ಯಾವಾಗಲೂ ಬಿಲ್ಲಿಗೆ ಮುಂಚೆಯೇ ತುಂಬಿಬಿಡುತ್ತೇನೆ.

ಬಳ್ಳಾರಿಯ ನಿವೃತ್ತ ಬ್ಯಾಂಕ್ ಅಧಿಕಾರಿ:
ಸಿಂಧನೂರಿನವರ ಮಾತು ಅರ್ಧ ಸರಿ. ಬೇಗ ಕಟ್ಟಿದರೆ ಬಡ್ಡಿ ಕಡಿಮೆಯಾಗುತ್ತದೆ, ಸೊನ್ನೆಯಾಗುವುದಿಲ್ಲ. ಬಿಲ್ಲಿನ ತಾರೀಖಿಗೂ ನಗದಿನ ಬಡ್ಡಿಗೂ ಸಂಬಂಧವೇ ಇಲ್ಲ. ಯಂತ್ರದಿಂದ ನೋಟು ಹೊರಬಿದ್ದ ದಿನವೇ ಮೀಟರ್ ಓಡಲು ಶುರು.

ಆ ನಲವತ್ತೈದು ದಿನದ ಮಾತು ಖರೀದಿಗೆ ಮಾತ್ರ. ನೀವು ಗೊಬ್ಬರದಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಅಂಗಡಿಯವನಿಗೆ ಪೂರ್ತಿ ಆರು ಸಾವಿರ ಸಿಗುವುದಿಲ್ಲ. ಅದರಲ್ಲಿ ಒಂದಿಷ್ಟು ಕಮಿಷನ್ ಕಡಿತವಾಗುತ್ತದೆ, ಕಾರ್ಡ್ ಕೊಟ್ಟ ಬ್ಯಾಂಕಿಗೂ ಅದರಲ್ಲಿ ಪಾಲುಂಟು. ನಿಮ್ಮ ಬಿಟ್ಟಿ ದಿನಗಳ ಖರ್ಚಿನ ಒಂದು ಭಾಗ ಅಲ್ಲಿಂದಲೇ ಬರುತ್ತದೆ. ಎಟಿಎಂನಲ್ಲಿ ನಡುವೆ ಅಂಗಡಿಯವನೇ ಇಲ್ಲ. ಯಂತ್ರ ಬೇರೆ ಬ್ಯಾಂಕಿನದಾದರೆ ನಿಮ್ಮ ಬ್ಯಾಂಕೇ ಅದಕ್ಕೆ ದುಡ್ಡು ಕೊಡಬೇಕು. ಆದ್ದರಿಂದ ಶುಲ್ಕವೂ ನಿಮ್ಮ ತಲೆಗೆ, ಬಡ್ಡಿಯೂ ನಿಮ್ಮ ತಲೆಗೆ.

ಈಗ ನಿಮ್ಮ ಬಿಲ್ ಬಿಡಿಸೋಣ. ನಗದಿನ ಶುಲ್ಕ ಸಾಮಾನ್ಯವಾಗಿ ಶೇಕಡ ಎರಡೂವರೆ, ಕನಿಷ್ಠ 500 ರೂಪಾಯಿ. ನಿಮ್ಮ ಬಿಲ್ಲಿನ ಮೊತ್ತ ನೋಡಿದರೆ ನಿಮ್ಮ ಬ್ಯಾಂಕಿನದೂ ಅದೇ ದರ. ಹತ್ತು ಸಾವಿರಕ್ಕೆ ಎರಡೂವರೆ ಎಂದರೆ 250 ಆಗುತ್ತದೆ, ಆದರೆ ಕನಿಷ್ಠ 500 ಇರುವುದರಿಂದ 500 ಹಾಕಿದ್ದಾರೆ. ಎರಡು ಸಲ ತೆಗೆದದ್ದಕ್ಕೆ ಎರಡು ಐನೂರು. ಇದೇ ಇಪ್ಪತ್ತು ಸಾವಿರವನ್ನು ಒಂದೇ ಸಲ ತೆಗೆದಿದ್ದರೆ ಐನೂರಕ್ಕೇ ಮುಗಿಯುತ್ತಿತ್ತು. ಕಾರ್ಡ್ ಕೊಟ್ಟ ಬ್ಯಾಂಕಿನ ಸ್ವಂತ ಎಟಿಎಂಗೆ ಹೋಗಿದ್ದರೆ ಒಂದೇ ಸಲ ಸಿಗುವ ಸಾಧ್ಯತೆ ಹೆಚ್ಚಿತ್ತು. ನೀವು ಬಸ್ ನಿಲ್ದಾಣದ ಹತ್ತಿರ ಕಂಡ ಮೊದಲ ಯಂತ್ರಕ್ಕೆ ಹೋದಿರಿ ಎಂದು ನನ್ನ ಊಹೆ.

ಸಾವಿರ ರೂಪಾಯಿ ಶುಲ್ಕದ ಮೇಲೆ ಶೇಕಡ 18 ಜಿಎಸ್‌ಟಿ, 180. ಬಡ್ಡಿ ತಿಂಗಳಿಗೆ ಮೂರೂವರೆ, ಅಂದರೆ ವರ್ಷಕ್ಕೆ ನಲವತ್ತೆರಡು. ಇಪ್ಪತ್ತು ಸಾವಿರಕ್ಕೆ ದಿನಕ್ಕೆ 23 ರೂಪಾಯಿ. 8ರಿಂದ 20ರವರೆಗೆ ಹದಿಮೂರು ದಿನ, 299. ಬಡ್ಡಿಗೂ ಜಿಎಸ್‌ಟಿ ಉಂಟು, 54. ಎಲ್ಲ ಕೂಡಿಸಿದರೆ 1,533. ಇದಕ್ಕೆ ನಿಮ್ಮ ಇಪ್ಪತ್ತು ಸಾವಿರವನ್ನೂ ಗೊಬ್ಬರದ ಆರು ಸಾವಿರವನ್ನೂ ಸೇರಿಸಿ, 27,533. ಲೆಕ್ಕ ಸರಿಯಾಗಿದೆ. ಗೊಬ್ಬರದ ಮೇಲೆ ಬಡ್ಡಿ ಹಾಕಿಲ್ಲ ಎಂಬುದನ್ನೂ ಗಮನಿಸಿ.

ಕಾರಟಗಿ:
ಊಹೆ ಸರಿ ಸರ್, ಬಸ್ ನಿಲ್ದಾಣದ ಪಕ್ಕದ್ದೇ. ಕೂಲಿಯವರು ಬದುವಿನ ಮೇಲೆ ಕೂತಿದ್ದರು, ಬ್ಯಾಂಕ್ ಹುಡುಕಲು ಸಮಯವಿರಲಿಲ್ಲ. ಇರಲಿ, 1,533 ಒಪ್ಪಿದೆ. ಆದರೆ 25ಕ್ಕೇ ಇಪ್ಪತ್ತು ಸಾವಿರ ವಾಪಸ್ ಕೊಟ್ಟೆನಲ್ಲ, ಆಮೇಲೆ ಯಾವುದರ ಬಡ್ಡಿ?

ಬಳ್ಳಾರಿಯ ನಿವೃತ್ತ ಬ್ಯಾಂಕ್ ಅಧಿಕಾರಿ:
ಇಲ್ಲೇ ಇರುವುದು ಗಂಟು. ನೀವು ಕಟ್ಟಿದ ಇಪ್ಪತ್ತು ಸಾವಿರ ನಗದಿಗೆ ಎಂದು ನೀವು ಮನಸ್ಸಿನಲ್ಲಿ ಅಂದುಕೊಂಡಿರಿ. ಬ್ಯಾಂಕಿನ ಕಂಪ್ಯೂಟರಿಗೆ ನಿಮ್ಮ ಮನಸ್ಸು ಕಾಣುವುದಿಲ್ಲ. ಬಂದ ದುಡ್ಡನ್ನು ಯಾವುದಕ್ಕೆ ಮೊದಲು ಹಾಕಬೇಕು ಎಂಬ ಕ್ರಮ ಕಾರ್ಡಿನ ನಿಯಮಗಳ ಹಾಳೆಯಲ್ಲಿ ಇರುತ್ತದೆ. ಹಲವು ಕಾರ್ಡುಗಳಲ್ಲಿ ಮೊದಲು ತೆರಿಗೆ, ಶುಲ್ಕ, ಬಡ್ಡಿ, ನಂತರ ಖರೀದಿ, ಎಲ್ಲಕ್ಕಿಂತ ಕೊನೆಗೆ ನಗದು. ಬಡ್ಡಿ ಓಡುತ್ತಿರುವ ಸಾಲಕ್ಕೇ ಕೊನೆಯ ಸರದಿ. ನಿಮ್ಮ 289 ಈ ಕ್ರಮದಲ್ಲೇ ಕೂಡಿಬರುತ್ತದೆ, ನೋಡಿ.

25ರಂದು ಬಂದ ಇಪ್ಪತ್ತು ಸಾವಿರದಲ್ಲಿ ಮೊದಲು 1,533 ಹೋಯಿತು. ನಂತರ ಗೊಬ್ಬರದ 6,000 ತೀರಿತು. ಅದಕ್ಕೆ ಸೆಪ್ಟೆಂಬರ್ 9ರ ತನಕ ಬಿಟ್ಟಿಯಾಗಿ ಸಮಯವಿತ್ತು, ತೀರಿಸಲು ಅವಸರವೇ ಇರಲಿಲ್ಲ. ಉಳಿದ 12,467 ಮಾತ್ರ ನಗದಿಗೆ ಬಂತು. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಮುಗಿದ ನಗದಿನ ಸಾಲ, ಬ್ಯಾಂಕಿನ ಲೆಕ್ಕದಲ್ಲಿ 7,533 ಉಳಿಯಿತು.

ಆಗಸ್ಟ್ 21ರಿಂದ 25ರ ತನಕ ಐದು ದಿನ ಪೂರ್ತಿ ಇಪ್ಪತ್ತು ಸಾವಿರಕ್ಕೆ ಬಡ್ಡಿ, 115. ಆಮೇಲೆ ಸೆಪ್ಟೆಂಬರ್ 9ರ ತನಕ ಹದಿನೈದು ದಿನ 7,533ಕ್ಕೆ ಬಡ್ಡಿ, 130. ಜಿಎಸ್‌ಟಿ 44. ಒಟ್ಟು 289. 20ನೇ ತಾರೀಖಿನ ಬಿಲ್ ಮುದ್ರಣವಾದ ಮೇಲೆ ಓಡಿದ ಬಡ್ಡಿ ಆ ಬಿಲ್ಲಿನಲ್ಲಿ ಇರಲು ಸಾಧ್ಯವಿಲ್ಲ, ಮುಂದಿನದರಲ್ಲೇ ಬರಬೇಕು. ಮೋಸವಲ್ಲ. ಗಿರಾಕಿಗೆ ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು ಬೇರೆ ಮಾತು; ಆ ಹಾಳೆಯ ಅಕ್ಷರ ಓದಲು ನನಗೂ ಭೂತಕನ್ನಡಿ ಬೇಕು.

ಮಾನ್ವಿಯ ರೈತರು:
ಸರ್, ನನ್ನ ಹತ್ತಿರವೂ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಜುಲೈನಲ್ಲಿ ಎಟಿಎಂನಲ್ಲಿ ನಲವತ್ತು ಸಾವಿರ ತೆಗೆದಿದ್ದೇನೆ. ಇದನ್ನು ಓದಿ ಹೆದರಿಕೆಯಾಯಿತು. ದಿನಕ್ಕೆ ನಲವತ್ತಾರು ರೂಪಾಯಿ ಓಡುತ್ತಿದೆಯೇ?

ಬಳ್ಳಾರಿಯ ನಿವೃತ್ತ ಬ್ಯಾಂಕ್ ಅಧಿಕಾರಿ:
ಹೆದರಬೇಡಿ, ಹೆಸರು ಒಂದೇ, ಜಾತಿ ಬೇರೆ. ನಿಮ್ಮದು ಬೆಳೆಸಾಲದ ಖಾತೆ. ಅದಕ್ಕೂ ತೆಗೆದ ದಿನದಿಂದಲೇ ಬಡ್ಡಿ, ಆದರೆ ಮೂರು ಲಕ್ಷದ ಒಳಗಿನ ಬೆಳೆಸಾಲಕ್ಕೆ ವರ್ಷಕ್ಕೆ ಶೇಕಡ ಏಳು. ಗಡುವಿನೊಳಗೆ ತೀರಿಸಿದರೆ ಇನ್ನೂ ಮೂರು ಬಿಡುತ್ತಾರೆ, ನಾಲ್ಕೇ ಬೀಳುತ್ತದೆ. ಏಳರ ಲೆಕ್ಕದಲ್ಲೂ ನಿಮ್ಮ ನಲವತ್ತು ಸಾವಿರಕ್ಕೆ ದಿನಕ್ಕೆ ಎಂಟು ರೂಪಾಯಿಯೂ ಆಗುವುದಿಲ್ಲ. ಗಡುವು ಮಾತ್ರ ತಪ್ಪಿಸಬೇಡಿ.

ಕಾರಟಗಿಯವರೇ, ನಿಮಗೆ ಭತ್ತದ ಗದ್ದೆ ಇದೆ. ಕಿಸಾನ್ ಕಾರ್ಡ್ ಮಾಡಿಸಿಲ್ಲವೇ?

ಕಾರಟಗಿ:
ಗದ್ದೆ ಗುತ್ತಿಗೆಯದು ಸರ್. ಪಹಣಿ ಮಾಲೀಕರ ಹೆಸರಿನಲ್ಲಿದೆ. ಎರಡು ಸಲ ಹೋಗಿ ವಾಪಸ್ ಬಂದಿದ್ದೇನೆ.

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದವರು:
ಇಷ್ಟೆಲ್ಲ ಲೆಕ್ಕ ಯಾಕೆ? ಶನಿವಾರ ಟೈಲರುಗಳಿಗೆ ಬಟವಾಡೆ ಕೊಡಬೇಕಾದಾಗ ನಾನು ಪರಿಚಯದ ಅಂಗಡಿಯಲ್ಲಿ ಕಾರ್ಡ್ ಉಜ್ಜಿ ನಗದು ತೆಗೆದುಕೊಳ್ಳುತ್ತೇನೆ. ನೂರಕ್ಕೆ ಎರಡು ರೂಪಾಯಿ ಅವನಿಗೆ. ಬ್ಯಾಂಕಿಗೆ ಅದು ಖರೀದಿಯಂತೆ ಕಾಣುತ್ತದೆ, ಬಡ್ಡಿಯೂ ಇಲ್ಲ. ಇಪ್ಪತ್ತು ಸಾವಿರಕ್ಕೆ ನಾನೂರರಲ್ಲಿ ಮುಗಿಯುತ್ತಿತ್ತು.

ಬಳ್ಳಾರಿಯ ನಿವೃತ್ತ ಬ್ಯಾಂಕ್ ಅಧಿಕಾರಿ:
ಲೆಕ್ಕ ನಿಮ್ಮದು ತಪ್ಪಿಲ್ಲ, ಕೆಲಸ ತಪ್ಪು. ಇಲ್ಲದ ಮಾಲಿಗೆ ಬಿಲ್ ಮಾಡುವುದು ಕಾರ್ಡಿನ ಕರಾರಿಗೂ ವಿರುದ್ಧ, ಅಂಗಡಿಯವನ ಕರಾರಿಗೂ ವಿರುದ್ಧ. ಪ್ರತಿ ವಾರ ಒಂದೇ ಅಂಗಡಿಯಲ್ಲಿ ಒಂದೇ ಥರದ ದುಂಡು ಮೊತ್ತ ಬೀಳುತ್ತಿದ್ದರೆ ಬ್ಯಾಂಕಿನವರ ಕಣ್ಣಿಗೆ ಬೀಳುತ್ತದೆ. ಕಾರ್ಡ್ ನಿಂತರೆ ಆ ಶನಿವಾರ ಏನು ಮಾಡುತ್ತೀರಿ?

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದವರು:
ನಾಲ್ಕು ವರ್ಷದಿಂದ ನಿಂತಿಲ್ಲ ಸರ್.

ಸಿಂಧನೂರಿನ ಅಂಗಡಿಯವರು:
ಒಂದು ಅನುಮಾನ. ಮೊದಲೇ ಕಾರ್ಡಿಗೆ ಇಪ್ಪತ್ತು ಸಾವಿರ ಹೆಚ್ಚುವರಿ ತುಂಬಿಟ್ಟು ಆಮೇಲೆ ತೆಗೆದರೆ? ನಮ್ಮ ದುಡ್ಡೇ ನಾವು ತೆಗೆದಂತಾಯಿತಲ್ಲ.

ಬಳ್ಳಾರಿಯ ನಿವೃತ್ತ ಬ್ಯಾಂಕ್ ಅಧಿಕಾರಿ:
ಸಾಲವೇ ಆಗದಿದ್ದರೆ ಬಡ್ಡಿಗೆ ಜಾಗವಿರುವುದಿಲ್ಲ. ಆದರೆ ಶುಲ್ಕ ಬೀಳುವುದು ತೆಗೆದ ಕ್ರಿಯೆಗೆ, ಸಾಲಕ್ಕಲ್ಲ, ಐನೂರು ತಪ್ಪುವುದಿಲ್ಲ. ಅಷ್ಟಕ್ಕೂ ಕೈಯಲ್ಲಿ ಇಪ್ಪತ್ತು ಸಾವಿರ ಇದ್ದವನು ಅದನ್ನು ಕಾರ್ಡಿಗೆ ತುಂಬಿ ಮತ್ತೆ ಯಂತ್ರದಿಂದ ಯಾಕೆ ತೆಗೆಯುತ್ತಾನೆ?

ಕಾರಟಗಿಯವರಿಗೆ ಇನ್ನೊಂದು ಮಾತು. ನಿಮಗೆ ಬಿದ್ದದ್ದು ಒಟ್ಟು 1,822. ನಮ್ಮ ಕಡೆ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಎರಡು, ಮೂರು ಎಂದು ಹೇಳುತ್ತೇವಲ್ಲ, ಆ ಭಾಷೆಯಲ್ಲಿ ಇದು ಒಂದು ತಿಂಗಳ ಸಾಲಕ್ಕೆ ಒಂಬತ್ತು ರೂಪಾಯಿ ಬಡ್ಡಿ. ಅದರಲ್ಲೂ ಅರ್ಧಕ್ಕಿಂತ ಹೆಚ್ಚಿನ ಅಸಲನ್ನು ಹದಿನೇಳೇ ದಿನದಲ್ಲಿ ತೀರಿಸಿದ್ದೀರಿ. ಜನ ಬಡ್ಡಿಯನ್ನು ಬಯ್ಯುತ್ತಾರೆ. ನಿಮ್ಮ ಬಿಲ್ಲಿನಲ್ಲಿ ಬಡ್ಡಿಗಿಂತ ಶುಲ್ಕವೇ ದೊಡ್ಡದು, ತೆರಿಗೆ ಸೇರಿ 1,180. ಮೂರೇ ದಿನದಲ್ಲಿ ವಾಪಸ್ ಕಟ್ಟಿದ್ದರೂ ಅದು ಬೀಳುತ್ತಿತ್ತು.

ಮುಂದೆ ಮತ್ತೆ ತೆಗೆಯಲೇಬೇಕಾದರೆ ಒಂದೇ ಸಲಕ್ಕೆ ತೆಗೆಯಿರಿ, ಕಾರ್ಡಿನಲ್ಲಿ ನಗದಿಗೆ ಬೇರೆ ಮಿತಿ ಇರುತ್ತದೆ, ಮೊದಲು ನೋಡಿಕೊಳ್ಳಿ. ವಾಪಸ್ ಕಟ್ಟುವಾಗ ನಗದಿನ ಅಂಕಿಯನ್ನಷ್ಟೇ ಕಟ್ಟಬೇಡಿ. ಆ ದಿನದ ಒಟ್ಟು ಬಾಕಿ ಎಷ್ಟು, ಬಿಲ್ ಆಗದೆ ಉಳಿದ ಬಡ್ಡಿ ಎಷ್ಟು ಎಂದು ಫೋನಿನಲ್ಲಿ ಕೇಳಿ ಅಷ್ಟನ್ನೂ ಕಟ್ಟಿ. ನೂರು ರೂಪಾಯಿ ಹೆಚ್ಚು ಹೋದರೂ ನಿಮ್ಮ ಖಾತೆಯಲ್ಲೇ ಇರುತ್ತದೆ. ಈಗ ಬಂದಿರುವ 289ನ್ನು ಜಗಳಕ್ಕೆ ಬಿಡದೆ ತಾರೀಖಿನೊಳಗೆ ಕಟ್ಟಿಬಿಡಿ. ಅದು ಬಾಕಿ ಉಳಿದರೆ ಮುಂದಿನ ಖರೀದಿಗಳಿಗೂ ಆ ಬಿಟ್ಟಿ ದಿನಗಳು ಸಿಗುವುದಿಲ್ಲ, ತಡವಾದ ಶುಲ್ಕವೂ ಬೀಳಬಹುದು.

ಕಾರಟಗಿ:
289 ಕಟ್ಟಿದೆ ಸರ್. ಫೋನ್ ಮಾಡಿ ಯಂತ್ರದ ಮಿತಿಯಿಂದ ಎರಡು ಸಲ ತೆಗೆಯಬೇಕಾಯಿತು, ಒಂದು ಐನೂರನ್ನಾದರೂ ಬಿಡಿ ಎಂದೆ. ಹುಡುಗಿ ದೂರು ಬರೆದುಕೊಂಡಳು, ಏಳು ದಿನದಲ್ಲಿ ತಿಳಿಸುತ್ತೇವೆ ಎಂದಳು. ಬಿಡುತ್ತಾರಾ?

ಬಳ್ಳಾರಿಯ ನಿವೃತ್ತ ಬ್ಯಾಂಕ್ ಅಧಿಕಾರಿ:
ಹಕ್ಕಿನಿಂದ ಕೇಳುವ ಹಾಗಿಲ್ಲ, ದರಪಟ್ಟಿಯಲ್ಲಿ ಬರೆದೇ ಹಾಕಿದ ಶುಲ್ಕ ಅದು. ಹಳೆಯ ಗಿರಾಕಿ ಎಂದು ಬಿಟ್ಟರೆ ಬಿಟ್ಟಾರು. ಗುತ್ತಿಗೆಯ ವಿಷಯ ಮಾತ್ರ ಕೈಬಿಡಬೇಡಿ. ಗುತ್ತಿಗೆದಾರರಿಗೂ ಕಿಸಾನ್ ಕಾರ್ಡ್ ಕೊಡಲು ಯೋಜನೆಯಲ್ಲಿ ಅವಕಾಶವಿದೆ. ಮಾಲೀಕರು ಗುತ್ತಿಗೆ ಕೊಟ್ಟದ್ದನ್ನು ಕಾಗದದಲ್ಲಿ ಬರೆದುಕೊಡುತ್ತಾರೆಯೇ?

ಕಾರಟಗಿ:
ಅದನ್ನೇ ಕೇಳಲು ಹೋದರೆ ಮುಂದಿನ ವರ್ಷ ಗದ್ದೆಯೇ ಸಿಗುವುದಿಲ್ಲ ಸರ್.